ಕೆಟ್ಟಿತು ಅಂತಲೇ ಶುರು ಮಾಡಿ

ನಮಸ್ಕಾರ ಕೇಳುಗರೆ.

ಹೂಮಳೆ ಸರಿಯಾಗಿ ಬಿದ್ದ ವಾರ ನಮ್ಮ ಕೊಡಗಿನಲ್ಲಿ ಯಾರೂ ದುಡ್ಡಿನ ವಿಚಾರ ಮಾತಾಡಬಾರದು. ಕಾಫಿ ತೋಟವೆಲ್ಲ ಹೂ ಅರಳಿ ಬೆಳ್ಳಗೆ, ಊರೆಲ್ಲ ಘಮ ಘಮ. ಹೂವು ನೋಡಿಯೇ ಚೀಲ ಎಣಿಸಿಬಿಡುತ್ತೇವೆ. ಕಾಯಿ ಕಟ್ಟಿಲ್ಲ, ಹಣ್ಣಾಗಿಲ್ಲ, ಆಗಲೇ ಜೀಪಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

ಅಂಥ ಒಂದು ವಾರದಲ್ಲೇ, ಕೆಲವು ವರ್ಷದ ಹಿಂದೆ, ಸೋಮವಾರಪೇಟೆ ಕಡೆಯ 9 ಮನೆಯವರು ನನ್ನನ್ನು ಕರೆದರು. ಎಲ್ಲರೂ ಸಣ್ಣ ಬೆಳೆಗಾರರು, ಎಲ್ಲರದ್ದೂ ಅರೇಬಿಕಾ. ಎಲ್ಲರೂ ಸೇರಿ ಹಣ್ಣಿನ ಸಿಪ್ಪೆ ಸುಲಿಯುವ ಒಂದು ಪಲ್ಪರ್ ಮಷೀನು ಹಾಕಿಸಿ, ಒಂದು ಸಿಮೆಂಟ್ ಕಣ ಮಾಡಿ, ಹಣ್ಣನ್ನು ಹಾಗೇ ಒಣಗಿಸುವ ಬದಲು ಸುಲಿದ ಬೀಜವನ್ನು ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಮಾರೋಣ ಅಂತ ಯೋಚನೆ. ಅಕ್ಟೋಬರಿನಲ್ಲಿ ಕೆಲಸ ಶುರು, 45 ದಿನಕ್ಕೆ ಮುಗಿಸಿಕೊಡುತ್ತೇನೆ ಅಂದಿದ್ದಾರೆ ಕಂಟ್ರಾಕ್ಟರು. ಹಣ್ಣು ಬರುವ ಹೊತ್ತಿಗೆ ಪಲ್ಪರ್ ರೆಡಿ. ಎಸ್ಟಿಮೇಟ್ ನೋಡಿ, ಎಲ್ಲಾ ಸರಿ ಇದೆ ಅಂತ ಒಂದು ಮಾತು ಹೇಳಿ ಸಾರ್, ಅಂದರು.

ಮೂವತ್ತು ವರ್ಷ ಕಟ್ಟಡದ ಕೆಲಸ ನೋಡಿಕೊಂಡವನು ನಾನು. ಎಸ್ಟಿಮೇಟ್ ಯಾವತ್ತೂ ಸರಿಯಾಗಿಯೇ ಇರುತ್ತದೆ. ಕೆಲಸ ಕೆಡುವುದು ಎಸ್ಟಿಮೇಟಿನಲ್ಲಿ ಬರೆಯದೆ ಇರುವ ವಿಚಾರದಿಂದ.

ಅದಕ್ಕೆ ನಾನು ಎಸ್ಟಿಮೇಟ್ ಮುಚ್ಚಿಟ್ಟು, ಎಲ್ಲರ ಕೈಗೂ ಒಂದೊಂದು ಚೀಟಿ, ಒಂದು ಪೆನ್ನು ಕೊಟ್ಟೆ. ಹೇಳಿದೆ: "ಇವತ್ತು ಮಾರ್ಚ್ ಅಲ್ಲ. ಮುಂದಿನ ವರ್ಷದ ಫೆಬ್ರವರಿ 15. ಕುಯ್ಲು ಮುಗಿದಿದೆ. ನಿಮ್ಮ ಪಲ್ಪರ್ ಟಾರ್ಪಾಲ್ ಕೆಳಗೆ ಕೂತಿದೆ. ಒಂದು ಕೆಜಿ ಹಣ್ಣೂ ಅದರೊಳಗೆ ಹೋಗಿಲ್ಲ. ದುಡ್ಡು ಖರ್ಚಾಗಿದೆ, ಸಾಲ ಉಳಿದಿದೆ. ಯಾಕೆ ಹೀಗಾಯ್ತು? ಐದು ನಿಮಿಷ, ಮಾತಾಡದೆ ಬರೆಯಿರಿ."

ಜಗಲಿ ಒಂದು ಗಳಿಗೆ ಗಪ್‌ಚಿಪ್. ಮೂಲೆಯಲ್ಲಿದ್ದ ಹಿರಿಯರೊಬ್ಬರು ಎದ್ದೇಬಿಟ್ಟರು. "ಏನ್ ಸಾರ್ ನೀವು, ಒಳ್ಳೆ ಕೆಲಸಕ್ಕೆ ಕೂತಾಗ ಇಂಥಾ ಮಾತಾ? ಬಿಡ್ತು ಅನ್ನಿ!"

ಅಂದೆ. ಬಿಡ್ತು, ಬಿಡ್ತು. ಈಗ ಬರೆಯಿರಿ ಅಂದೆ.

ಇದಕ್ಕೆ ಪ್ರೀಮಾರ್ಟಂ ಅಂತ ಹೆಸರು. ಪೋಸ್ಟ್‌ಮಾರ್ಟಂ ನಿಮಗೆ ಗೊತ್ತಲ್ಲ, ಅದನ್ನೇ ಕೆಲಸ ಬದುಕಿರುವಾಗಲೇ ಮಾಡುವುದು. ಗ್ಯಾರಿ ಕ್ಲೈನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ರೂಢಿಗೆ ತಂದರು. 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದರು. ಗುಟ್ಟು ಏನಪ್ಪಾ ಅಂದರೆ, ಕೇಳುವ ಪ್ರಶ್ನೆ. "ಇದು ಕೆಡಬಹುದಾ?" ಅಂತ ಕೇಳಬಾರದು. ಹಾಗೆ ಕೇಳಿದರೆ ನಮ್ಮ ಜನ ಏನು ಹೇಳುತ್ತಾರೆ? "ಏನಾಗಲ್ಲ ಬಿಡಿ ಸಾರ್." ಅಲ್ಲಿಗೆ ಮಾತು ಮುಗಿಯಿತು. "ಇದು ಕೆಟ್ಟಿತು. ಯಾಕೆ?" ಅಂತ ಕೇಳಬೇಕು. ಕೆಡಬಹುದು ಅಲ್ಲ, ಕೆಟ್ಟಿತು. ಆಗಿಹೋದದ್ದಕ್ಕೆ ಕಾರಣ ಹುಡುಕುವುದರಲ್ಲಿ ಮನುಷ್ಯ ಭಾರೀ ಜಾಣ. 1989ರಲ್ಲೇ ಮೂವರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿದ್ದರು. ಒಂದು ಸಂಗತಿ ಆಗಿಯೇಬಿಟ್ಟಿದೆ ಅಂತ ಹೇಳಿದಾಗ ಜನ ಕೊಡುವ ಕಾರಣಗಳು ಹೆಚ್ಚು, ಅವು ಸ್ಪಷ್ಟವೂ ಆಗಿರುತ್ತವೆ. ನಮ್ಮೂರ ಜನರಿಗೆ ಸಂಶೋಧನೆ ಬೇಡ. ಯಾರದಾದರೂ ಮದುವೆ ಮುರಿದುಬಿದ್ದರೆ ಸಂಜೆಯೊಳಗೆ ಹತ್ತು ಕಾರಣ ಸಿಗುತ್ತದೆ. ಮದುವೆಗೆ ಮುಂಚೆ ಕೇಳಿದ್ದರೆ ಒಂದೂ ಸಿಗುತ್ತಿರಲಿಲ್ಲ, ಅಲ್ವಾ?

ಸರಿ, ಜಗಲಿಗೆ ವಾಪಸ್ ಬರೋಣ.

ಒಳಗಿನಿಂದ ಬೆಲ್ಲದ ಕಾಫಿ ತಂದ ಆ ಮನೆಯ ಸೊಸೆಯನ್ನೂ ಕೂರಿಸಿದೆ. "ನಂಗೇನ್ ಗೊತ್ತು ಸಾರ್" ಅಂದರು. ಚೀಟಿ ಕೊಟ್ಟೆ. ಹೊರಗೆ ನಿಂತಿದ್ದ ಪಿಕಪ್ ಡ್ರೈವರನ್ನೂ ಕರೆದೆ. ಯಜಮಾನರುಗಳಿಗೆ ಸ್ವಲ್ಪ ಕಸಿವಿಸಿ ಆಯ್ತು, ಇರಲಿ.

ಐದು ನಿಮಿಷ ಆದ ಮೇಲೆ ಒಬ್ಬೊಬ್ಬರೂ ಒಂದೊಂದೇ ಕಾರಣ ಓದಬೇಕು. ಮೊದಲು ಓದುವುದು ಸಂಘದ ಅಧ್ಯಕ್ಷರು. ಅವರೇ ತಮ್ಮ ಯೋಜನೆಯ ಹುಳುಕು ಹೇಳಿಕೊಂಡರೆ ಮಿಕ್ಕವರಿಗೆ ಧೈರ್ಯ. ಓದುವಾಗ ಯಾರೂ ಎದುರು ಮಾತಾಡುವ ಹಾಗಿಲ್ಲ. ಅಧ್ಯಕ್ಷರು ಓದಿದರು: "ದುಡ್ಡು ಸಾಲಲಿಲ್ಲ." ಇಂಥ ಕಾರಣದಿಂದ ಏನೂ ಪ್ರಯೋಜನ ಇಲ್ಲ. ಯಾವ ತಿಂಗಳು, ಯಾವ ಬಿಲ್ಲಿಗೆ ಸಾಲಲಿಲ್ಲ ಅಂತ ಕೇಳಿದೆ. ತಲೆ ಕೆರೆದುಕೊಂಡು, "ನವೆಂಬರಲ್ಲಿ ಸಾರ್. ಮಷೀನಿನ ಬಾಕಿ ಕೊಡೋದೂ ಅದೇ ವಾರ, ಕುಯ್ಲಿನವರಿಗೆ ಸಂಬಳದ ಮುಂಗಡ ಕೊಡೋದೂ ಅದೇ ವಾರ" ಅಂದರು. ಈಗ ಅದೊಂದು ಕಾರಣ ಆಯಿತು.

ಡ್ರೈವರ್ ಬರೆದದ್ದು ಮೂರೇ ಮಾತು. "ಜಲ್ಲಿ ಲಾರಿ ಹತ್ತಲಿಲ್ಲ." ಮಳೆಗಾಲ ಕಳೆದ ಮೇಲೂ ಅಕ್ಟೋಬರ್ ಪೂರ್ತಿ ಆ ಮಣ್ಣು ರಸ್ತೆ ಕೆಸರು. ಮೇಲಿನ ತಿರುವಿನಲ್ಲಿ ತುಂಬಿದ ಲಾರಿ ಜಾರುತ್ತದೆ. ಪಿಕಪ್ಪಿನಲ್ಲಿ ಸ್ವಲ್ಪ ಸ್ವಲ್ಪ ಹೊರಬೇಕು. 45 ದಿನದ ಲೆಕ್ಕ ಅಲ್ಲೇ ಕೈಕೊಟ್ಟಿತು. ಆ ರಸ್ತೆಯಲ್ಲಿ ದಿನಾ ಓಡಾಡುವ 9 ಜನರಲ್ಲಿ ಒಬ್ಬರೂ ಇದನ್ನು ಬರೆದಿರಲಿಲ್ಲ, ನೋಡಿ. ಅವರೆಲ್ಲ ಓಡಾಡುವುದು ಜೀಪಿನಲ್ಲಿ.

ಆಮೇಲೆ ಆ ಸೊಸೆ. ತಗ್ಗಿದ ದನಿಯಲ್ಲಿ ಓದಿದರು. "ಸಂಜೆ ಆರು ಗಂಟೆ ಮೇಲೆ ನಮ್ಮ ಲೈನಲ್ಲಿ ವೋಲ್ಟೇಜ್ ಇರಲ್ಲ. ಗ್ರೈಂಡರಿನ ಕಲ್ಲೇ ತಿರುಗಲ್ಲ. ಮೋಟರ್ ಸುಟ್ಟು ಹೋಯ್ತು."

ಯಾರೂ ಉಸಿರೆತ್ತಲಿಲ್ಲ. ಯಾಕೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಹಣ್ಣು ಕುಯ್ಯುವುದು ಹಗಲು. ತೂಕ ಹಾಕುವುದು ಸಂಜೆ. ಕುಯ್ದ ದಿನವೇ ಪಲ್ಪ್ ಮಾಡಬೇಕು, ಇಟ್ಟರೆ ಹಣ್ಣು ರಾಶಿಯಲ್ಲೇ ಹುಳಿಯುತ್ತದೆ. ಅಂದರೆ ಪಲ್ಪರ್ ತಿರುಗುವ ಹೊತ್ತೇ ಕತ್ತಲಾದ ಮೇಲೆ. ಇವರು ವೋಲ್ಟೇಜ್ ನೋಡಿಸಿದ್ದು ಯಾವಾಗ? ಬೆಳಿಗ್ಗೆ ಹನ್ನೊಂದಕ್ಕೆ. ಮೀಟರ್ ಬಂದಿತ್ತು, ರೀಡಿಂಗ್ ಚೆನ್ನಾಗಿತ್ತು, ಎಲ್ಲರಿಗೂ ಖುಷಿ. ಸಂಜೆ ಹಿಟ್ಟು ರುಬ್ಬುವವರನ್ನು ಯಾರೂ ಕೇಳಿರಲಿಲ್ಲ.

ಬಿಡ್ತು ಅನ್ನಿ ಅಂದಿದ್ದರಲ್ಲ, ಆ ಹಿರಿಯರು ಕೊನೆಗೆ ಕನ್ನಡಕ ಹಾಕಿಕೊಂಡರು. ಪಲ್ಪ್ ಮಾಡಿದ ನೀರು ಕೆಳಗಿನ ತೋಡಿಗೆ ಹೋಯ್ತು, ನೀರು ಕಪ್ಪಾಗಿ ನಾರಿತು, ಕೆಳಗಿನ ಮನೆಯವರು ದೂರು ಕೊಟ್ಟರು, ಕೆಲಸ ನಿಂತಿತು. ಹೀಗೆ ಓದಿದರು. ಮೊದಲೇ ಗೊತ್ತಿತ್ತಾ ನಿಮಗೆ ಅಂತ ಕೇಳಿದೆ. ಐದು ಮೀಟಿಂಗಿನಿಂದ ಮನಸ್ಸಿನಲ್ಲಿತ್ತಂತೆ. ಅಧ್ಯಕ್ಷರು ಅವರ ಬೀಗರು. ಬೀಗರ ಮಾತಿಗೆ ಅಡ್ಡ ಬಂದ ಹಾಗೆ ಆಗುತ್ತದೆ ಅಂತ ಸುಮ್ನೆ ಇದ್ದರು. ಕೆಟ್ಟಿತು ಅಂತ ನಾನೇ ಹೇಳಿಬಿಟ್ಟ ಮೇಲೆ ಕಾರಣ ಹೇಳುವುದರಲ್ಲಿ ಅಡ್ಡಮಾತು ಏನು ಬಂತು? ಅಲ್ಲಿಗೆ ಅದು ಕೊಂಕು ಅಲ್ಲ, ಬುದ್ಧಿವಂತಿಕೆ. ಇದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಕೆಡಬಹುದಾ ಅಂತ ಕೇಳಬೇಡಿ.

ಆಮೇಲೆ ಮಾಡಿದ್ದು ಇಷ್ಟೇ. ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿ, ನಮ್ಮ ಕೈಯಲ್ಲಿ ಸರಿ ಮಾಡಲು ಆಗುವಂಥ ನಾಲ್ಕನ್ನು ಆರಿಸಿದೆವು. ಒಂದೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಕು. ಜಲ್ಲಿ, ಮರಳು ಎರಡನ್ನೂ ಮೇ ತಿಂಗಳೊಳಗೆ, ಮಳೆಗೆ ಮುಂಚೆ ಮೇಲೆ ಹೊರಿಸುವುದು. ಪಲ್ಪರಿಗೆ ಮೋಟರ್ ಬದಲು ಡೀಸೆಲ್ ಎಂಜಿನ್. ಮಷೀನಿನ ಬಾಕಿಯನ್ನು ಕುಯ್ಲಿನ ವಾರದಿಂದ ಆಚೆಗೆ ಹಾಕಿಸುವುದು. ನೀರಿಗೆ ಗುಂಡಿ ಮೊದಲು, ಕಣ ಆಮೇಲೆ. ಕೆಳಗಿನ ಮನೆಗೆ ಆ ಹಿರಿಯರೇ ಹೋಗಿ ಗುಂಡಿಯ ಜಾಗ ತೋರಿಸಿ, ಕಾಫಿ ಕುಡಿದು ಬಂದರು. ಇಷ್ಟಕ್ಕೆ ಹಿಡಿದದ್ದು ಒಂದೂವರೆ ಗಂಟೆ.

ಮೊನ್ನೆ ಒಬ್ಬರು ಹೋಂಸ್ಟೇ ಕಟ್ಟಲು ಹೊರಟವರು ನನಗೆ ಫೋನ್ ಮಾಡಿದ್ದರು. "ಪ್ರೀಮಾರ್ಟಂ ನಾವೂ ಮಾಡಿದೆವು ಸಾರ್, ಚೆನ್ನಾಗಿತ್ತು" ಅಂದರು. ಪ್ಲಾನಿನಲ್ಲಿ ಏನು ಬದಲಾಯ್ತು ಅಂತ ಕೇಳಿದೆ. ಏನೂ ಇಲ್ಲವಂತೆ. ಹಾಗಾದರೆ ಮಾಡಿಲ್ಲ ಅಂತಲೇ ಅರ್ಥ. ಎಸ್ಟಿಮೇಟಿನ ಒಂದು ಸಾಲಾದರೂ ಅಳಿಸಿ ಬರೆದಿರಬೇಕು. ಇನ್ನೊಂದು, ಅವರು ಅದನ್ನು ಮಾಡಿದ್ದು ಪಾಯ ತೋಡಿದ ಮೇಲೆ. ಪ್ಲಾನ್ ರೆಡಿ ಇರಬೇಕು, ಅಡ್ವಾನ್ಸ್ ಕೊಟ್ಟಿರಬಾರದು. ಆ ನಡುವಿನ ಹೊತ್ತೇ ಇದಕ್ಕೆ ಸರಿ. ಅಡ್ವಾನ್ಸ್ ಕೊಟ್ಟವನಿಗೆ ತನ್ನ ಪ್ಲಾನಿನ ತಪ್ಪು ಕಾಣುವುದಿಲ್ಲ.

ಮನೆಯವರೇ ನಾಲ್ಕು ಜನ ಕೂತು ಬರೆದರೂ ಸಾಲದು. ನಾಲ್ಕೂ ಚೀಟಿಯಲ್ಲಿ ಒಂದೇ ಕಾರಣ ಬರುತ್ತದೆ. ಆ ಕೆಲಸಕ್ಕೆ ಕೈ ಹಾಕುವ ಬೇರೆ ಬೇರೆ ಜನ ಇರಬೇಕು. ಲೈನ್ ಮನೆಯ ಕೆಲಸದವರನ್ನು ಕರೆಯಿರಿ, ಎಲೆಕ್ಟ್ರಿಷಿಯನ್ ಕರೆಯಿರಿ, ಅಡುಗೆ ಮಾಡುವವರನ್ನು ಕರೆಯಿರಿ. ಇದನ್ನು ವಿವರವಾಗಿ ಹೇಳಬೇಕು ಅಂತಿದ್ದೆ, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತ.

ಸರಿ, ಆ ಪಲ್ಪರ್ ಏನಾಯ್ತು ಅಂತ ಹೇಳಿಬಿಡುತ್ತೇನೆ. 12 ದಿನ ತಡವಾಗಿ ತಿರುಗಿತು. ಎಂಜಿನ್ ಒಂದು ದಿನವೂ ನಿಲ್ಲಲಿಲ್ಲ, ತೋಡಿನ ನೀರು ಕೆಡಲಿಲ್ಲ. ಆದರೆ ಡಿಸೆಂಬರಿನಲ್ಲಿ ಮೂರು ದಿನ ಅಕಾಲ ಮಳೆ ಹೊಡೆಯಿತು. ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಮುಚ್ಚಲು ಇದ್ದದ್ದು ಎರಡೇ ಟಾರ್ಪಾಲ್. ಉಳಿದದ್ದೆಲ್ಲ ನೆನೆದು, ಬೂಸ್ಟು ಹಿಡಿದು, ವಾಸನೆ ಬಂತು. ಒಳ್ಳೆ ಮಾಲಿನ ರೇಟು ಸಿಗಲಿಲ್ಲ.

ಅದನ್ನು ಒಬ್ಬ ಬರೆದಿದ್ದ. ಅಧ್ಯಕ್ಷರ ಮಗ, ಕಾಲೇಜಿಗೆ ಹೋಗುವ ಹುಡುಗ. ಕೊನೆಯಲ್ಲಿ ಓದಿದ್ದು ಅವನು. ಅಷ್ಟು ಹೊತ್ತಿಗೆ ಒಳಗೆ ಊಟಕ್ಕೆ ಎಲೆ ಹಾಕಿದ್ದರು. "ಕುಯ್ಲಿನ ಟೈಮಲ್ಲಿ ಮಳೆ ಬಂತು, ಮುಚ್ಚೋಕೆ ಟಾರ್ಪಾಲ್ ಇರಲಿಲ್ಲ" ಅಂತ ಓದಿದ. "ಏನಾಗಲ್ಲ ಬಿಡಪ್ಪಾ" ಅಂದು ಎಲ್ಲರೂ ಎದ್ದರು. ಮೊದಲು ಹಾಗೆ ಅಂದವನು ನಾನೇ.

ಮರುವರ್ಷ ಗೋದಾಮು ಕಟ್ಟಲು ಅವರು ಮತ್ತೆ ಕರೆದಾಗ, ಅಧ್ಯಕ್ಷರು ಓದಿದ ಕೂಡಲೇ ಎರಡನೆಯದಾಗಿ ಅವನಿಂದಲೇ ಓದಿಸಿದೆ. ಊಟ ಆದ ಮೇಲೆ ಕೂತಿದ್ದೆವು. ನಮಸ್ಕಾರ.