ಬೆಸ ಪೂರ್ವಕ್ಕೆ, ಸಮ ಪಶ್ಚಿಮಕ್ಕೆ: ಇದು ಗೋಡೆಯಲ್ಲ, ತಾಳೆ ನೋಡುವ ಲೆಕ್ಕ

ನಮಸ್ಕಾರ. ಸಂಜೆ ಹೊತ್ತಲ್ಲಿ ಮಂಡ್ಯದ ವಿ.ಸಿ. ನಾಲೆ ಏರಿ ಮೇಲೆ ನಿಂತು ತಲೆ ಎತ್ತಿ ನೋಡಿ. ಬಿಳಿ ಗೆರೆ ಎಳೆದುಕೊಂಡು ಒಂದು ವಿಮಾನ ಆ ಕಡೆಯಿಂದ, ಇನ್ನೊಂದು ಈ ಕಡೆಯಿಂದ ಬರುತ್ತೆ. ಕೆಳಗಿಂದ ನೋಡೋರಿಗೆ ಇನ್ನೇನು ಡಿಕ್ಕಿ ಹೊಡೆದವು ಅನ್ನಿಸುತ್ತೆ. ಮೊಬೈಲ್‌ನಲ್ಲಿ ಟ್ರ್ಯಾಕರ್ ಆ್ಯಪ್ ತೆಗೆದರೆ ಒಂದರ ಪಕ್ಕ 35,000 ಅಡಿ, ಇನ್ನೊಂದರ ಪಕ್ಕ 34,000 ಅಡಿ ಅಂತ ಇರುತ್ತೆ. ನಡುವೆ ಸಾವಿರ ಅಡಿ, ಅಷ್ಟೇ. ಮೈಸೂರು ಊರಿಂದ ಚಾಮುಂಡಿ ಬೆಟ್ಟದ ತುದಿ ಎಷ್ಟು ಮೇಲಿದೆಯೋ ಹೆಚ್ಚುಕಮ್ಮಿ ಅಷ್ಟು. ಎದುರುಬದುರು ಬರೋ ಎರಡು ಜೆಟ್‌ಗಳ ವೇಗ ಕೂಡಿದರೆ ಗಂಟೆಗೆ 1,700 ಕಿ.ಮೀ. ಹತ್ತಿರ ಹತ್ತಿರ. ಒಂದು ಮೈಸೂರಿನ ಮೇಲೆ, ಇನ್ನೊಂದು ಮಂಡ್ಯದ ಮೇಲೆ ಇದ್ದರೆ ಸುಮಾರು 80 ಸೆಕೆಂಡಲ್ಲಿ ಮುಖಾಮುಖಿ. ಕಣ್ಣಲ್ಲಿ ನೋಡಿ ತಪ್ಪಿಸಿಕೊಳ್ಳೋ ಕೆಲಸ ಅಲ್ಲ ಇದು.

ಇದಕ್ಕಿರೋ ನಿಯಮ ಒಂದೇ ಸಾಲಿನದು. ವಿಮಾನದ ದಾರಿ ಕಾಂತೀಯ ದಿಕ್ಕಿನ ಲೆಕ್ಕದಲ್ಲಿ 0ಯಿಂದ 179 ಡಿಗ್ರಿ ಒಳಗಿದ್ದರೆ, ಅಂದರೆ ಪೂರ್ವದ ಅರ್ಧಕ್ಕೆ ಸೇರಿದರೆ, ಬೆಸ ಸಾವಿರ. 180ರಿಂದ 359ರ ಒಳಗಿದ್ದರೆ ಸಮ ಸಾವಿರ. ಯೂಟ್ಯೂಬಲ್ಲಿ ಇದನ್ನು ಹೇಳೋ ವಿಡಿಯೋಗಳು ರಾಶಿ ಇವೆ. ಬಹುಪಾಲು ಎಲ್ಲವೂ "ಅದಕ್ಕೇ ಆಕಾಶದಲ್ಲಿ ಎದುರುಬದುರು ಡಿಕ್ಕಿ ಆಗೋದೇ ಇಲ್ಲ" ಅಂತ ಮುಗಿಯುತ್ತವೆ. ನನ್ನ ತಕರಾರು ಇರೋದು ಅಲ್ಲೇ. ಈ ಬೆಸ-ಸಮ ಗೋಡೆ ಅಲ್ಲ. ತಪ್ಪು ಎತ್ತರದಲ್ಲಿ ಹೋಗೋ ವಿಮಾನವನ್ನು ಅದು ತಡೆಯಲ್ಲ. ತಪ್ಪಾಗಿದೆ ಅಂತ ಗೊತ್ತುಮಾಡಿಕೊಳ್ಳೋಕೆ ಒಂದು ಲೆಕ್ಕ ಕೊಡುತ್ತೆ. ಆ ಲೆಕ್ಕ ಯಾರೂ ಹಾಕದೆ ಹೋದರೆ ನಿಯಮ ಇದ್ದೂ ಇಲ್ಲದ ಹಾಗೆ.

ಮೊದಲು ಆ 35,000 ಅಂದರೆ ಏನು ಅಂತ ನೋಡೋಣ. ಅದು ಮಂಡ್ಯದ ನೆಲದಿಂದ ಟೇಪ್ ಹಿಡಿದು ಅಳೆದ ಎತ್ತರ ಅಲ್ಲ. ಆಲ್ಟಿಮೀಟರ್ ಅಳೆಯೋದು ಗಾಳಿಯ ಒತ್ತಡ. ನೆಲದ ಹತ್ತಿರ ಹಾರುವಾಗ ಆಯಾ ಊರಿನ ಒತ್ತಡ ಹಾಕಿಕೊಳ್ಳುತ್ತಾರೆ. ಮೇಲೆ ಹೋದ ಮೇಲೆ ಎಲ್ಲರೂ ಒಂದೇ ಅಂಕಿಗೆ ಬರುತ್ತಾರೆ, 1013.25 ಹೆಕ್ಟೋಪಾಸ್ಕಲ್. ಆ ಅಂಕಿ ಇಟ್ಟಾಗ ಕಾಣೋ ಎತ್ತರದ ಕೊನೆಯ ಎರಡು ಸೊನ್ನೆ ತೆಗೆದರೆ ಫ್ಲೈಟ್ ಲೆವೆಲ್: 35,000 ಅಂದರೆ ಫ್ಲೈಟ್ ಲೆವೆಲ್ 350. ಒಬ್ಬ ಪೈಲಟ್ 1013 ಇಟ್ಟು, ಇನ್ನೊಬ್ಬ ಊರಿನ ಒತ್ತಡ 1003ರಲ್ಲೇ ಬಿಟ್ಟ ಅಂದುಕೊಳ್ಳಿ. ಒಂದು ಹೆಕ್ಟೋಪಾಸ್ಕಲ್‌ಗೆ ಕೆಳಗಡೆ ಸುಮಾರು 30 ಅಡಿ ಲೆಕ್ಕ, ಹತ್ತಕ್ಕೆ 300 ಅಡಿ. ಸಾವಿರ ಅಡಿಯ ಅಂತರದಲ್ಲಿ ಮೂರನೇ ಒಂದು ಭಾಗ ಕೂತಲ್ಲೇ ಹೋಯಿತು.

ಬಿಸಿ ಗಾಳಿಯ ವಿಚಾರ ಬೇರೆ. ಪ್ರಮಾಣಿತ ವಾತಾವರಣಕ್ಕಿಂತ ಗಾಳಿ 10 ಡಿಗ್ರಿ ಬಿಸಿ ಇದ್ದರೆ ಲೆವೆಲ್ 350ರ ವಿಮಾನ ನಿಜಕ್ಕೂ ಸುಮಾರು 1,400 ಅಡಿ ಹೆಚ್ಚು ಎತ್ತರದಲ್ಲಿರುತ್ತೆ. ಆದರೆ ಅದರ ಕೆಳಗಿನದೂ ಅದೇ ಗಾಳಿಯಲ್ಲಿ ಅಷ್ಟೇ ಪಾಲು ಮೇಲಿರುತ್ತೆ. ಎಲ್ಲರ ತಪ್ಪೂ ಒಂದೇ ತೆರ ಆಗಿದ್ದರೆ ನಡುವಿನ ಅಂತರ ಹಾಳಾಗಲ್ಲ. ಫ್ಲೈಟ್ ಲೆವೆಲ್‌ನ ಗುಟ್ಟೇ ಇದು.

ಈಗ ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದಲೇ ಲೆಕ್ಕ ಹಾಕೋಣ. ಅಲ್ಲಿಂದ ಚೆನ್ನೈಗೆ ನೇರ ಗೆರೆ ಎಳೆದರೆ ಸುಮಾರು 78 ಡಿಗ್ರಿ. ಪೂರ್ವದ ಅರ್ಧ, ಹಾಗಾಗಿ ಎಟಿಆರ್ ಅನ್ನೋ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ 170, 190, ಅಂದರೆ 17 ಸಾವಿರ, 19 ಸಾವಿರ ಅಡಿ, ಇಂಥ ಬೆಸ ಲೆವೆಲ್. ವಾಪಸ್ ಬರುವಾಗ 258, ಆಗ 160, 180. ಇದರಲ್ಲಿ ಗೊಂದಲ ಇಲ್ಲ. ಹೈದರಾಬಾದ್‌ಗೆ ಸುಮಾರು 20 ಡಿಗ್ರಿ. ನಮ್ಮ ಬಾಯಲ್ಲಿ ಅದು "ಉತ್ತರಕ್ಕೆ ಹೋಗೋದು", ಆದರೂ ಲೆಕ್ಕದಲ್ಲಿ ಪೂರ್ವವೇ, ಬೆಸವೇ.

ತೊಡಕು ಶುರುವಾಗೋದು ಗಡಿಯಲ್ಲಿ. ಬೆಂಗಳೂರಿಂದ ದೆಹಲಿಗೆ ನೇರ ಗೆರೆ ಎಳೆದರೆ ಸುಮಾರು 358 ಡಿಗ್ರಿ. ಕೂದಲೆಳೆಯಷ್ಟು ಪಶ್ಚಿಮ, ಹಾಗಾಗಿ ಸಮ. ಆದರೆ ವಿಮಾನ ಹೋಗೋದು ಮಾರ್ಗದ ತುಂಡುಗಳ ಮೇಲೆ. ಒಂದು ತುಂಡು 3 ಡಿಗ್ರಿ ಬಲಕ್ಕೆ ವಾಲಿದರೆ ಬೆಸದ ಕಡೆ, ಮುಂದಿನದು ಎಡಕ್ಕೆ ವಾಲಿದರೆ ಮತ್ತೆ ಸಮದ ಕಡೆ. ತಿರುವು ಬಂದಲ್ಲೆಲ್ಲ ಹತ್ತಿ ಇಳಿಯೋಕೆ ಆಗಲ್ಲವಲ್ಲ. ಅದಕ್ಕೇ ಯಾವ ಮಾರ್ಗದಲ್ಲಿ ಯಾವ ಕಡೆಗೆ ಬೆಸ, ಯಾವ ಕಡೆಗೆ ಸಮ ಅಂತ ಅಧಿಕೃತ ಮಾರ್ಗಪಟ್ಟಿಯಲ್ಲೇ ಬರೆದಿರುತ್ತಾರೆ. ಇಡೀ ದೇಶವೇ ಉತ್ತರ-ದಕ್ಷಿಣ ಉದ್ದಕ್ಕೆ ಮಲಗಿದ್ದರೆ ವೃತ್ತವನ್ನೇ ತಿರುಗಿಸಿಬಿಡಬಹುದು. ನ್ಯೂಜಿಲೆಂಡ್ ಹಾಗೆ ಮಾಡಿದೆ. ಅಲ್ಲಿ ಉತ್ತರದ ಅರ್ಧಕ್ಕೆ ಬೆಸ, ದಕ್ಷಿಣದ ಅರ್ಧಕ್ಕೆ ಸಮ.

ಕಲಿಯೋರು ಪದೇ ಪದೇ ಎಡವೋ ಜಾಗ ಇನ್ನೊಂದಿದೆ. ನಿಯಮ ನೋಡೋದು ದಾರಿಯ ದಿಕ್ಕನ್ನ, ಮೂತಿಯ ದಿಕ್ಕನ್ನಲ್ಲ. ದಾರಿ 178 ಡಿಗ್ರಿ ಇದೆ, ಪಶ್ಚಿಮದಿಂದ 50 ನಾಟ್ ಗಾಳಿ ಬೀಸ್ತಿದೆ, ವಿಮಾನದ ವೇಗ 450 ನಾಟ್ ಅಂತಿಟ್ಟುಕೊಳ್ಳಿ. ದಾರಿ ತಪ್ಪಬಾರದು ಅಂದರೆ ಮೂತಿಯನ್ನ 6 ಡಿಗ್ರಿ ಬಲಕ್ಕೆ ತಿರುಗಿಸಬೇಕು. ದಿಕ್ಸೂಚಿ ಆಗ 184 ತೋರಿಸುತ್ತೆ. ಅದನ್ನು ನೋಡಿ ಸಮ ಆರಿಸಿದರೆ ತಪ್ಪು. ದಾರಿ 178, ಹಾಗಾಗಿ ಬೆಸವೇ ಸರಿ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರ್ತೀನಿ. ನಡುಆಕಾಶದ ಡಿಕ್ಕಿ ಅಂದ ತಕ್ಷಣ ನಮ್ಮಲ್ಲಿ ನೆನಪಾಗೋದು 1996ರ ನವೆಂಬರ್ 12ರ ಚರ್ಖಿ ದಾದ್ರಿ, 349 ಸಾವು. ಅಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಲೆವೆಲ್ 150, ಹತ್ತುತ್ತಿದ್ದ ವಿಮಾನಕ್ಕೆ 140 ಕೊಟ್ಟಿದ್ದರು. ಇಳಿಯುತ್ತಿದ್ದದ್ದು ತನ್ನ 150 ಬಿಟ್ಟು ಇನ್ನೂ ಕೆಳಕ್ಕೆ ಬಂತು. ಅಂದರೆ ಒಬ್ಬರು ಕೊಟ್ಟ ಎತ್ತರ ಮೀರಿದರು. ಬ್ರೆಜಿಲ್‌ನಲ್ಲಿ 2006ರ ಸೆಪ್ಟೆಂಬರ್ 29ರಂದು ಆದದ್ದು ಇದಕ್ಕಿಂತ ದಿಗಿಲು ಹುಟ್ಟಿಸುವಂಥದ್ದು. ಅಲ್ಲಿ ಎರಡೂ ವಿಮಾನ ತಮ್ಮ ತಮ್ಮ ಲೆವೆಲ್ ಬಿಟ್ಟು ಅಲುಗಾಡಲೇ ಇಲ್ಲ.

ಲೆಗಸಿ ಅನ್ನೋ ಸಣ್ಣ ಬಿಸಿನೆಸ್ ಜೆಟ್ ಸಾವೊ ಪಾಲೊ ಕಡೆಯಿಂದ ಬ್ರೆಸೀಲಿಯಾ ದಾಟಿ ಮನಾಸ್‌ಗೆ ಹೊರಟಿತ್ತು. ಯೋಜನೆಯ ಪ್ರಕಾರ ಬ್ರೆಸೀಲಿಯಾವರೆಗೆ ಲೆವೆಲ್ 370. ಅಲ್ಲಿ ದಾರಿ ವಾಯವ್ಯಕ್ಕೆ, ಸುಮಾರು 336 ಡಿಗ್ರಿಗೆ ತಿರುಗುತ್ತೆ. ಅಲ್ಲಿಂದ ಸಮ ಬೇಕು, ಹಾಗಾಗಿ 360. ಮುಂದೆ 380. ಆದರೆ ಹೊರಡುವ ಮುಂಚೆ ರೇಡಿಯೋದಲ್ಲಿ ಸಿಕ್ಕ ಅನುಮತಿಯಲ್ಲಿ 370 ಅಂತ ಇತ್ತೇ ಹೊರತು ಎಲ್ಲಿವರೆಗೆ ಅಂತ ಇರಲಿಲ್ಲ. ಪೈಲಟ್‌ಗಳು ಮನಾಸ್‌ವರೆಗೂ 370 ಅಂದುಕೊಂಡರು. ಅದೇ ದಾರಿಯಲ್ಲಿ ಎದುರಿಂದ, ಆಗ್ನೇಯಕ್ಕೆ, ಗೋಲ್ ಕಂಪನಿಯ ಬೋಯಿಂಗ್ 737 ಬರ್ತಿತ್ತು. ಅದಕ್ಕೂ 370. ಅದರ ಪಾಲಿಗೆ ಅದು ಸರಿಯಾದ ಬೆಸ.

ಕಂಟ್ರೋಲರ್ ಪರದೆಯಲ್ಲಿ ಏನಿತ್ತು ಅನ್ನೋದನ್ನ ಹತ್ತಿರದಿಂದ ನೋಡಿ. ವಿಮಾನದ ಚುಕ್ಕೆಯ ಪಕ್ಕ ಎರಡು ಅಂಕಿ. ಎಡಗಡೆಯದು ವಿಮಾನ ನಿಜಕ್ಕೂ ಇರೋ ಎತ್ತರ, ಬಲಗಡೆಯದು ಇರಬೇಕಾದ ಎತ್ತರ. ಲೆಗಸಿ ಬ್ರೆಸೀಲಿಯಾ ಹತ್ತಿರ ಬಂದಾಗ ಯೋಜನೆ ನೋಡಿಕೊಂಡು ಕಂಪ್ಯೂಟರ್ ತಾನಾಗೇ ಬಲಗಡೆ ಅಂಕಿಯನ್ನ ಬದಲಿಸಿತು. ಪರದೆ ಮೇಲೆ `370=360`. ಇಳಿ ಅಂತ ವಿಮಾನಕ್ಕೆ ಯಾರೂ ಹೇಳಿರಲಿಲ್ಲ. ಆದರೆ ಪರದೆ ನೋಡಿದವರಿಗೆ 360ಕ್ಕೆ ಅಪ್ಪಣೆ ಆಗಿದೆ ಅನ್ನೋ ಹಾಗೆ ಕಾಣ್ತಿತ್ತು. ಕೆಲವೇ ನಿಮಿಷದಲ್ಲಿ, ವಿಮಾನದ ಎತ್ತರವನ್ನ ರೇಡಾರ್‌ಗೆ ತಿಳಿಸೋ ಲೆಗಸಿಯ ಟ್ರಾನ್ಸ್‌ಪಾಂಡರ್ ಸಿಗ್ನಲ್ ನಿಂತಿತು. ಈಗ `370Z360`. ಆ ಅಕ್ಷರದ ಅರ್ಥ, ಎಡಗಡೆ ಅಂಕಿ ಇನ್ನು ಮೇಲೆ ವಿಮಾನ ಹೇಳಿದ್ದಲ್ಲ, ರೇಡಾರ್ ಅಂದಾಜು, ನಂಬೋ ಹಾಗಿಲ್ಲ ಅಂತ. ಟ್ರಾನ್ಸ್‌ಪಾಂಡರ್ ಇಲ್ಲ ಅಂದಮೇಲೆ ಎರಡೂ ವಿಮಾನದ ಡಿಕ್ಕಿ ಎಚ್ಚರಿಕೆ ಯಂತ್ರಕ್ಕೂ ಎದುರಿನದು ಕಾಣಲ್ಲ. ಹೀಗೇ ಸುಮಾರು ಒಂದು ಗಂಟೆ ಹೋಯಿತು. ಕೊನೆಗೆ ಲೆಗಸಿಯ ರೆಕ್ಕೆ ತುದಿ ಬೋಯಿಂಗ್‌ನ ಎಡ ರೆಕ್ಕೆಯನ್ನ ಕತ್ತರಿಸಿತು. ಬೋಯಿಂಗ್‌ನಲ್ಲಿದ್ದ 154 ಜನರೂ ಹೋದರು. ಲೆಗಸಿ ಒಂದು ವಾಯುನೆಲೆಯಲ್ಲಿ ಇಳಿಯಿತು, ಅದರಲ್ಲಿದ್ದ ಏಳೂ ಜನ ಉಳಿದರು.

ತಪ್ಪು ಯಾರದು ಅನ್ನೋದರ ಬಗ್ಗೆ ಬ್ರೆಜಿಲ್‌ನ ತನಿಖೆಗೂ ಅಮೆರಿಕದ ತನಿಖಾ ಮಂಡಳಿಗೂ ಒತ್ತು ಬೇರೆ ಬೇರೆ. ನಾನು ಆ ಜಗಳಕ್ಕೆ ಹೋಗಲ್ಲ. ನನಗೆ ಕಾಣೋದು ಇಷ್ಟು: 336 ಡಿಗ್ರಿ ದಾರಿ, ಬೆಸ ಲೆವೆಲ್. ಈ ಎರಡು ಅಂಕಿ ಕಾಕ್‌ಪಿಟ್‌ನಲ್ಲಿ ಒಂದು ಗಂಟೆ ಕಾಲ ಅಕ್ಕಪಕ್ಕ ಕೂತಿದ್ದವು. ಕಂಟ್ರೋಲರ್ ಬೇಕೆಂದೇ ತಪ್ಪು ದಿಕ್ಕಿನ ಲೆವೆಲ್ ಕೊಡಬಹುದು, ಕೊಡ್ತಾರೆ ಕೂಡ. ಸಹಜ ಲೆವೆಲ್‌ಗಳು ತುಂಬಿದ್ದಾಗ, ಎದುರು ಯಾರೂ ಇಲ್ಲದಾಗ ಅದು ಮಾಮೂಲು. "ಕೊಟ್ಟಿದ್ದಾರೆ, ಹೋಗ್ತಿದ್ದೀವಿ" ಅನ್ನೋ ಅಭ್ಯಾಸ ಬೆಳೆಯೋದು ಇದರಿಂದಲೇ. "ಲೆವೆಲ್ ಕೊಡೋದು ಕಂಟ್ರೋಲರ್ ಕೆಲಸ, ಪೈಲಟ್‌ಗೆ ಈ ಬೆಸ-ಸಮ ಟೇಬಲ್ ಪರೀಕ್ಷೆಗೆ ಮಾತ್ರ ಬೇಕು" ಅನ್ನೋರನ್ನ ನಾನು ಒಪ್ಪಲ್ಲ. ಪ್ರತಿ ದೊಡ್ಡ ತಿರುವಲ್ಲೂ ಹೊಸ ದಿಕ್ಕು ಓದಿ, ಬೆಸವೋ ಸಮವೋ ಬಾಯಿಬಿಟ್ಟು ಹೇಳಿ, ತಾಳೆ ಆಗದಿದ್ದರೆ "ಲೆವೆಲ್ 370 ಖಚಿತಪಡಿಸಿ" ಅಂತ ಕೇಳಬೇಕು. ಐದು ಸೆಕೆಂಡಿನ ಕೆಲಸ. ಉತ್ತರ ಬರಲಿಲ್ಲ ಅಂದರೆ ಅದೂ ಒಂದು ಸುದ್ದಿಯೇ, ರೇಡಿಯೋ ಸಂಪರ್ಕ ಹೋಗಿದೆ ಅಂತ.

ಇನ್ನೊಂದು ವಿಚಿತ್ರ ಇದೆ. ಹಳೇ ಕಾಲದ ದಾರಿ ಹುಡುಕೋ ಯಂತ್ರಗಳು ಸ್ವಲ್ಪ ಆಚೀಚೆ ಆಗ್ತಿದ್ದವು. ಎತ್ತರ ತಪ್ಪಿದರೂ ಪಕ್ಕಕ್ಕೆ ಜಾಗ ಸಿಗ್ತಿತ್ತು. ಈಗ ಉಪಗ್ರಹದ ಲೆಕ್ಕದಲ್ಲಿ ಎರಡೂ ವಿಮಾನ ಒಂದೇ ಗೆರೆ ಮೇಲೆ, ರೆಕ್ಕೆ ಅಗಲದಷ್ಟೂ ವ್ಯತ್ಯಾಸ ಇಲ್ಲದೆ ಬರುತ್ತವೆ. ಅದಕ್ಕೇ ಸಾಗರದ ಮೇಲೆ, ರೇಡಾರ್ ಇಲ್ಲದ ಕಡೆ, ಬೇಕೆಂದೇ ಗೆರೆಯ ಬಲಕ್ಕೆ 2 ನಾಟಿಕಲ್ ಮೈಲಿವರೆಗೆ ಸರಿದು ಹಾರೋಕೆ ಅವಕಾಶ ಇದೆ. ಎಡಕ್ಕೆ ಇಲ್ಲ, ಬಲಕ್ಕೆ ಮಾತ್ರ. ಎದುರಿನವರೂ ತಮ್ಮ ಬಲಕ್ಕೆ ಸರಿದರೆ ಇಬ್ಬರೂ ಒಬ್ಬರಿಂದೊಬ್ಬರು ದೂರ ಆಗ್ತಾರೆ.

ಆ್ಯಪ್ ಇಟ್ಟುಕೊಂಡಿರೋರಿಗೆ ಕೊನೆಯದಾಗಿ ಒಂದು ಮಾತು. ಕೆಆರ್‌ಎಸ್ ಮೇಲೆ ಪಶ್ಚಿಮಕ್ಕೆ ಹೋಗೋ ವಿಮಾನ 33,000ದಲ್ಲಿ ಕಂಡರೆ ಗಾಬರಿ ಬೇಡ. ಮೊದಲು ಅದು ಹತ್ತುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಆ ಸಮ-ಬೆಸ ಒಂದೇ ಎತ್ತರದಲ್ಲಿ ಸಾಗೋ ವಿಮಾನಕ್ಕೆ ಮಾತ್ರ. ಅಂಕಿ 34,000 ಬದಲು 33,975 ಅಂತ ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಅಳತೆ 25 ಅಡಿಯ ಹೆಜ್ಜೆಯಲ್ಲಿ ಬರುತ್ತೆ. 41,000 ದಾಟಿದ ಮೇಲೆ ಈ ಸಮ-ಬೆಸವೇ ನಡೆಯಲ್ಲ. ಅಲ್ಲಿ ಅಂತರ 2,000 ಅಡಿ, ಪಶ್ಚಿಮಕ್ಕೆ ಹೋಗೋರಿಗೆ 430, ಪೂರ್ವಕ್ಕೆ ಹೋಗೋರಿಗೆ 450. ಎರಡೂ ಬೆಸವೇ.