ಯಾರ ದರ, ಯಾವ ದಿನದ ದರ?

ಕೇಳುಗರಿಗೆ ನಮಸ್ಕಾರ.

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ವಿದೇಶದ ಕಲರ್ ಸಾರ್ಟರ್ ಮೆಷಿನ್ ಬರಬೇಕಿದೆ ಅಂದುಕೊಳ್ಳಿ. ಮಾರುವವರು ನಮ್ಮ ದೇಶದ್ದೇ ಡೀಲರ್. ಬೆಲೆ ಹೇಳಿದ್ದು ಡಾಲರಿನಲ್ಲಿ, 50 ಸಾವಿರ ಡಾಲರ್. ಮಿಲ್ಲಿನವರು ಕೊಡುವುದು ರೂಪಾಯಿಯಲ್ಲಿ. ಮುಂಗಡ ಶೇಕಡ 20, ಮೆಷಿನ್ ಮಿಲ್ಲಿಗೆ ಬಂದ ಮೂವತ್ತನೆಯ ದಿನ ಶೇಕಡ 70, ಮೆಷಿನ್ ಓಡಿಸಿ ತೋರಿಸಿದ ಮೇಲೆ ಉಳಿದ ಶೇಕಡ 10. ದರದ ಬಗ್ಗೆ ಕರಾರಿನಲ್ಲಿ ಒಂದೇ ಸಾಲು ಇದೆ: 'ಪಾವತಿ ಸಮಯದ ಬ್ಯಾಂಕ್ ದರದಂತೆ.' ಇವತ್ತಿನ ಮಾತು ಈ ಒಂದು ಸಾಲಿನ ಬಗ್ಗೆ.

ದೊಡ್ಡ ಕಂತನ್ನೇ ಹಿಡಿಯೋಣ, 35 ಸಾವಿರ ಡಾಲರ್. ಬ್ಯಾಂಕಿನ ದರಪಟ್ಟಿಯಲ್ಲಿ ಒಂದೇ ದಿನಕ್ಕೆ ಹಲವು ದರ ಇರುತ್ತವೆ. ಗಿರಾಕಿಯಿಂದ ಬ್ಯಾಂಕು ಡಾಲರ್ ಕೊಳ್ಳುವ ದರ ಟಿಟಿ ಬೈಯಿಂಗ್. ಗಿರಾಕಿಗೆ ಮಾರುವ ದರ ಟಿಟಿ ಸೆಲ್ಲಿಂಗ್. ಆಮದಿನ ಬಿಲ್ಲಿಗೆ ಹಚ್ಚುವ ಬಿಲ್ ಸೆಲ್ಲಿಂಗ್ ಮತ್ತೊಂದು. ಲೆಕ್ಕಕ್ಕೆಂದು ಬೈಯಿಂಗ್ 85 ರೂಪಾಯಿ 55 ಪೈಸೆ, ಸೆಲ್ಲಿಂಗ್ 86 ರೂಪಾಯಿ 40 ಪೈಸೆ ಎಂದಿಟ್ಟುಕೊಳ್ಳೋಣ. ನಡುವಿನ ಅಂತರ 85 ಪೈಸೆ. 35 ಸಾವಿರ ಡಾಲರಿಗೆ ಅದು 29,750 ರೂಪಾಯಿ ಆಗುತ್ತದೆ. ಮಿಲ್ಲಿನವರು ಬೈಯಿಂಗ್ ದರ ಹಚ್ಚಿ ಹಣ ಕಳಿಸುತ್ತಾರೆ, ಡೀಲರ್ ಸೆಲ್ಲಿಂಗ್ ದರ ಹಚ್ಚಿ ಬಾಕಿ ತೋರಿಸುತ್ತಾರೆ. ಎರಡೂ 'ಬ್ಯಾಂಕ್ ದರ'ವೇ, ಆದ್ದರಿಂದ ಇಬ್ಬರಲ್ಲಿ ಯಾರನ್ನೂ ತಪ್ಪು ಅನ್ನಲು ಬರುವುದಿಲ್ಲ.

ಹಾಗಾದರೆ 'ಇಂಥ ಬ್ಯಾಂಕಿನ ಟಿಟಿ ಸೆಲ್ಲಿಂಗ್' ಎಂದು ಬರೆದರೆ ಮುಗಿಯಿತೇ? ಪೂರ್ತಿ ಮುಗಿಯುವುದಿಲ್ಲ. ಆ ದರಪಟ್ಟಿ ಒಂದೇ ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಾಗಬಹುದು. ಆರು ತಿಂಗಳ ಮೇಲೆ ತಕರಾರು ಎದ್ದರೆ ಹಳೆಯ ಪಟ್ಟಿ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಮೊತ್ತ ದೊಡ್ಡದಿದ್ದರೆ ಡೀಲರಿಗೆ ಅವರ ಬ್ಯಾಂಕು ಪಟ್ಟಿಗಿಂತ ಕಡಿಮೆ ದರವನ್ನೇ ಕೊಟ್ಟಿರುತ್ತದೆ. ಅಂದರೆ ಪಟ್ಟಿಯ ದರ ಡೀಲರಿಗೆ ನಿಜವಾಗಿ ಬಿದ್ದ ಖರ್ಚೂ ಅಲ್ಲ.

ಇಂಥ ಕರಾರಿಗೆ ನಾನು ಹೇಳುವ ಮೂಲ ಎಫ್‌ಬಿಐಎಲ್ ಪ್ರಕಟಿಸುವ ಉಲ್ಲೇಖ ದರ. ಪೂರ್ಣ ಹೆಸರು ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ. ಮೊದಲು ಈ ದರವನ್ನು ರಿಸರ್ವ್ ಬ್ಯಾಂಕೇ ಲೆಕ್ಕ ಹಾಕುತ್ತಿತ್ತು, 2018ರ ಜುಲೈಯಿಂದ ಆ ಕೆಲಸ ಈ ಸಂಸ್ಥೆಗೆ ಬಂತು. ಮುಂಬೈ ಮಾರುಕಟ್ಟೆಯಲ್ಲಿ ಬೆಳಗಿನ ಹನ್ನೊಂದೂವರೆಯಿಂದ ಹನ್ನೆರಡೂವರೆಯೊಳಗೆ ನಿಜವಾಗಿ ನಡೆದ ವ್ಯವಹಾರಗಳನ್ನು ನೋಡಿ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಪ್ರಕಟಿಸುತ್ತಾರೆ. ದಿನಕ್ಕೆ ಒಂದೇ ಅಂಕಿ, ಕೊಳ್ಳುವುದಕ್ಕೊಂದು ಮಾರುವುದಕ್ಕೊಂದು ಎಂಬ ಭೇದ ಇಲ್ಲ. ಹಳೆಯ ದರವೂ ಹುಡುಕಿದರೆ ಸಿಗುತ್ತದೆ. ಯೆನ್ ದರವನ್ನು ನೂರು ಯೆನ್‌ಗೆ ಇಷ್ಟು ಎಂದು ಕೊಡುತ್ತಾರೆ. ಜಪಾನಿನ ಮೆಷಿನ್ ತರಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಈ ದರಕ್ಕೆ ಡೀಲರ್ ಸುಲಭಕ್ಕೆ ಒಪ್ಪಲಿಕ್ಕಿಲ್ಲ, ಅವರ ಆಕ್ಷೇಪದಲ್ಲಿ ನ್ಯಾಯವೂ ಇದೆ. ಉಲ್ಲೇಖ ದರ 86 ರೂಪಾಯಿ ಇದ್ದ ದಿನ ಆ ದರಕ್ಕೆ ಯಾವ ಬ್ಯಾಂಕೂ ಅವರಿಗೆ ಡಾಲರ್ ಮಾರುವುದಿಲ್ಲ, ತನ್ನ ಲಾಭ ಸೇರಿಸಿಯೇ ಮಾರುತ್ತದೆ. ಆ ಅಂತರವನ್ನು ಮುಚ್ಚಿಡದೆ 'ಉಲ್ಲೇಖ ದರದ ಮೇಲೆ ಡಾಲರಿಗೆ 20 ಪೈಸೆ' ಎಂದು ಕರಾರಿನಲ್ಲೇ ಬರೆಯಿರಿ. 20 ಪೈಸೆ ಅಂದರೆ ನಮ್ಮ ಕಂತಿಗೆ 7,000 ರೂಪಾಯಿ. ಎಷ್ಟು ಪೈಸೆ ಎಂಬ ಚೌಕಾಸಿ ಸಹಿಗೆ ಮೊದಲೇ ಆಗಿಹೋಗಲಿ.

ಕಸ್ಟಮ್ಸ್ ದರವನ್ನೇ ಹಚ್ಚೋಣ ಅನ್ನುವವರೂ ಇದ್ದಾರೆ. ಅದು ಸುಂಕದ ಲೆಕ್ಕಕ್ಕಾಗಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಗೊತ್ತುಮಾಡುವ ದರ. ನಡುವೆ ಮಾರುಕಟ್ಟೆ ಸ್ವಲ್ಪ ಏರಿಳಿದರೂ ಅದು ಕದಲುವುದಿಲ್ಲ. ಬೆಲೆ ಪಾವತಿಗೆ ಅದು ಬೇಡ.

ಇನ್ನು ದಿನದ ಪ್ರಶ್ನೆ. ನನ್ನ ಮಟ್ಟಿಗೆ ಜಗಳ ಹೆಚ್ಚು ಹುಟ್ಟುವುದು ಇಲ್ಲೇ. ಬಿಲ್ಲಿನ ದಿನ, ಗಡುವಿನ ದಿನ, ಹಣ ಖಾತೆಗೆ ಬಿದ್ದ ದಿನ, ಈ ಮೂರರಲ್ಲಿ ಯಾವುದು? ಬಿಲ್ಲಿನ ದಿನ 85 ರೂಪಾಯಿ 20 ಪೈಸೆ ಇದ್ದ ದರ ಗಡುವಿನ ಹೊತ್ತಿಗೆ 86 ಆಗಿದ್ದರೆ, ನಮ್ಮ ಕಂತಿನಲ್ಲಿ 28 ಸಾವಿರ ರೂಪಾಯಿಯ ವ್ಯತ್ಯಾಸ. ಹಣ ಬಿದ್ದ ದಿನದ ದರ ಎಂದು ಬರೆದರೆ ಇನ್ನೊಂದು ತೊಡಕು. ಡಾಲರ್ ಇಳಿಯಬಹುದು ಎಂದು ಕೊಳ್ಳುವವರು ನಾಲ್ಕು ದಿನ ಕಾಯುತ್ತಾರೆ, ಏರುವ ಸೂಚನೆ ಕಂಡರೆ ಮೊದಲೇ ಕಟ್ಟಿಬಿಡುತ್ತಾರೆ. ದಿನ ಆರಿಸುವ ಅಧಿಕಾರ ಒಬ್ಬರ ಕೈಗೇ ಹೋದಂತಾಯಿತು.

ಆದ್ದರಿಂದ ಗಡುವಿನ ದಿನಕ್ಕೆ ಎರಡು ಕೆಲಸದ ದಿನ ಮೊದಲು ದರ ನಿಲ್ಲಲಿ. ಗಡುವಿನ ದಿನದ್ದೇ ದರ ಎಂದರೆ ಮಧ್ಯಾಹ್ನದವರೆಗೆ ಮೊತ್ತವೇ ಗೊತ್ತಿರುವುದಿಲ್ಲ. ಆಮೇಲೆ ಲೆಕ್ಕ ತಾಳೆ ನೋಡಿ, ಮಾಲೀಕರ ಒಪ್ಪಿಗೆ ಪಡೆದು, ಆರ್‌ಟಿಜಿಎಸ್ ಮಾಡುವಷ್ಟರಲ್ಲಿ ಸಂಜೆಯಾಗುತ್ತದೆ. ಎರಡು ದಿನ ಕೈಯಲ್ಲಿದ್ದರೆ ಲೆಕ್ಕ ನಿಧಾನವಾಗಿ ಮುಗಿಯುತ್ತದೆ.

ಆದರೆ ಕೆಲಸದ ದಿನ ಅಂದರೆ ಯಾವ ಊರಿನ ಕೆಲಸದ ದಿನ? 2025ರ ಫೆಬ್ರವರಿ 20, ಗುರುವಾರ, ಗಡುವು ಅಂದುಕೊಳ್ಳಿ. ಕೊಪ್ಪಳದ ಬ್ಯಾಂಕಿನ ಲೆಕ್ಕದಲ್ಲಿ ಎರಡು ಕೆಲಸದ ದಿನ ಹಿಂದಕ್ಕೆ ಹೋದರೆ ಮಂಗಳವಾರ, 18ನೇ ತಾರೀಖು. ಆದರೆ 19ಕ್ಕೆ ಶಿವಾಜಿ ಜಯಂತಿ, ಮುಂಬೈಯಲ್ಲಿ ಬ್ಯಾಂಕ್ ರಜೆ. ಮುಂಬೈ ಲೆಕ್ಕದಲ್ಲಿ ದರದ ದಿನ ಸೋಮವಾರ, 17ನೇ ತಾರೀಖು. ಕರಾರು ಒಂದೇ, ದಿನ ಎರಡು. ನವೆಂಬರ್ 1 ವಾರದ ನಡುವೆ ಬಂದರೆ ಇದೇ ಗೊಂದಲ ತಿರುಗಿ ಬರುತ್ತದೆ: ರಾಜ್ಯೋತ್ಸವಕ್ಕೆ ನಮ್ಮಲ್ಲಿ ಬ್ಯಾಂಕ್ ಮುಚ್ಚಿರುತ್ತದೆ, ಮುಂಬೈಯಲ್ಲಿ ದರ ಬಂದಿರಬಹುದು. ಮೊದಲ ಮತ್ತು ಮೂರನೆಯ ಶನಿವಾರ ನಮ್ಮ ಬ್ಯಾಂಕ್ ತೆರೆದಿದ್ದರೂ ಉಲ್ಲೇಖ ದರ ಬರುವುದಿಲ್ಲ. ಹಾಗಾಗಿ 'ಎಫ್‌ಬಿಐಎಲ್ ದರ ಪ್ರಕಟಿಸುವ ದಿನವೇ ಕೆಲಸದ ದಿನ' ಎಂದು ಬರೆದುಬಿಡಿ. ಊರಿನ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ಎಲ್ಲವನ್ನೂ ಸೇರಿಸಿ ಷರತ್ತನ್ನು ಹೀಗೆ ಬರೆಯಬಹುದು. ನಿಧಾನವಾಗಿ ಓದುತ್ತೇನೆ, ಬರೆದುಕೊಳ್ಳಿ.

'ಪ್ರತಿ ಕಂತಿನ ಡಾಲರ್ ಮೊತ್ತವನ್ನು ಗಡುವಿಗೆ ಎರಡು ಕೆಲಸದ ದಿನ ಮೊದಲು ಎಫ್‌ಬಿಐಎಲ್ ಪ್ರಕಟಿಸಿದ ಡಾಲರ್–ರೂಪಾಯಿ ಉಲ್ಲೇಖ ದರಕ್ಕೆ ಡಾಲರಿಗೆ 20 ಪೈಸೆ ಸೇರಿಸಿ ರೂಪಾಯಿಗೆ ಪರಿವರ್ತಿಸತಕ್ಕದ್ದು. ಎಫ್‌ಬಿಐಎಲ್ ದರ ಪ್ರಕಟಿಸುವ ದಿನವೇ ಕೆಲಸದ ದಿನ. ಅನಿರೀಕ್ಷಿತವಾಗಿ ಆ ದಿನ ದರ ಪ್ರಕಟವಾಗದಿದ್ದರೆ ಅದರ ಹಿಂದೆ ಕೊನೆಯದಾಗಿ ಪ್ರಕಟವಾದ ದರ ಅನ್ವಯಿಸುತ್ತದೆ. ಈ ದರದ ಪ್ರಕಟಣೆಯೇ ನಿಂತುಹೋದರೆ ಅದರ ಸ್ಥಾನದಲ್ಲಿ ಅಧಿಕೃತವಾಗಿ ಬಂದ ದರ ಅನ್ವಯಿಸುತ್ತದೆ. ದರವನ್ನು ನಾಲ್ಕು ದಶಮಾಂಶದವರೆಗೆ ಹಿಡಿದು, ಕೊನೆಯ ಮೊತ್ತವನ್ನು ಮಾತ್ರ ರೂಪಾಯಿಗೆ ಸರಿಪಡಿಸತಕ್ಕದ್ದು.'

ತಡವಾದರೆ ಏನೆಂಬುದು ಬೇರೆ ಸಾಲಿನಲ್ಲಿ ಇರಲಿ. ಕೊಳ್ಳುವವರು ಹಣ ತಡಮಾಡಿದರೆ ದರ ಗಡುವಿನ ಲೆಕ್ಕದ್ದೇ, ತಡವಾದ ದಿನಗಳಿಗೆ ಬಡ್ಡಿ. 'ಗಡುವಿನ ಲೆಕ್ಕದ ದರ, ಹಣ ಬಿದ್ದ ದಿನದ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದು, ಜೊತೆಗೆ ಬಡ್ಡಿ' ಎಂಬ ಸಾಲು ಕಂಡರೆ ತೆಗೆಸಿರಿ, ಒಂದೇ ತಡಕ್ಕೆ ಎರಡು ದಂಡ ಬೀಳುತ್ತದೆ. ಮಾರುವವರು ಮೆಷಿನ್ ತಡವಾಗಿ ತಂದರೆ ಗಡುವೂ ಮುಂದೆ ಸರಿಯುತ್ತದೆ, ಆ ನಡುವೆ ಡಾಲರ್ ಏರಿದರೆ ಅವರ ತಪ್ಪಿಗೆ ಮಿಲ್ಲಿನವರು ತೆರಬೇಕಾಗುತ್ತದೆ. ಅಂಥಲ್ಲಿ ಮೊದಲು ಒಪ್ಪಿದ ವೇಳಾಪಟ್ಟಿಯ ದಿನದ ದರ, ಹೊಸ ದಿನದ ದರ, ಇವೆರಡರಲ್ಲಿ ಕಡಿಮೆ ಇರುವುದನ್ನೇ ಹಚ್ಚಬೇಕೆಂದು ಕೇಳಿ.

ಬಿಲ್ಲನ್ನು ಒಂದು ದರದಲ್ಲಿ ಬರೆದು ಹಣವನ್ನು ಇನ್ನೊಂದು ದರದಲ್ಲಿ ಕಟ್ಟಿದಾಗ ವ್ಯತ್ಯಾಸ ಉಳಿಯುತ್ತದೆ. ಅದಕ್ಕೆ ಡೆಬಿಟ್ ನೋಟ್ ಅಥವಾ ಕ್ರೆಡಿಟ್ ನೋಟ್ ಎಷ್ಟು ದಿನದೊಳಗೆ ಬರಬೇಕು ಎಂಬುದನ್ನು ನಿಮ್ಮ ಆಡಿಟರನ್ನು ಕೇಳಿ ಕರಾರಿಗೆ ಸೇರಿಸಿ. ದರ ನಿಂತ ದಿನ ಸಂಜೆಯೇ ಡಾಲರ್ ಮೊತ್ತ, ದರ, ಸೇರಿಸಿದ ಪೈಸೆ, ಒಟ್ಟು ರೂಪಾಯಿ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ದರದ ಪುಟದ ಪ್ರತಿಯ ಜೊತೆ ಡೀಲರಿಗೆ ಮೇಲ್ ಮಾಡಿ. ಅವರ ತಕರಾರು ಏನಾದರೂ ಇದ್ದರೆ ಹಣ ಹೋಗುವ ಮುಂಚೆಯೇ ಗೊತ್ತಾಗುತ್ತದೆ.

ನಮಸ್ಕಾರ.