ಚಿನ್ನ ಇದೆ ಎನ್ನುವ ಕಾಗದವನ್ನು ಓದುವುದು ಹೇಗೆ

(ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ತಾಯಂದಿರೇ, ಸ್ನೇಹಿತರೇ,

ಈ ವರ್ಷ ಅಡಿಕೆ ಮಾರಿದ ದುಡ್ಡು ಕೈಗೆ ಬಂದವರಲ್ಲಿ ಕೆಲವರ ಮೊಬೈಲಿಗೆ ಒಂದು ಹೊಸ ಬಗೆಯ ಚಿನ್ನ ಬಂದಿದೆ. ಒಡವೆಯೂ ಅಲ್ಲ, ನಾಣ್ಯವೂ ಅಲ್ಲ. 'ಒಂದು ಟೋಕನ್‌ಗೆ ಒಂದು ಗ್ರಾಂ ಅಪರಂಜಿ, ವಾಲ್ಟ್‌ನಲ್ಲಿ ಭದ್ರ' ಎಂದು ಬರೆದ ಸರ್ಟಿಫಿಕೇಟ್. ಟೋಕನ್ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಇರುವ ಒಂದು ಚೀಟಿ, ವಾಲ್ಟ್ ಎಂದರೆ ಕಾವಲಿರುವ ಭದ್ರ ಕೋಣೆ. ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ಮಾಡುವ ನನ್ನನ್ನು 'ಇದರ ಹಿಂದೆ ನಿಜವಾಗಿ ಚಿನ್ನ ಇದೆಯೇ' ಎಂದು ಹಲವರು ಕೇಳಿದ್ದಾರೆ. ಆ ಒಂದೇ ಪ್ರಶ್ನೆಯನ್ನು ಇವತ್ತು ಬಿಡಿಸುತ್ತೇನೆ. ಚಿನ್ನದ ಬೆಲೆ ಏರುತ್ತದೋ ಇಳಿಯುತ್ತದೋ ಎಂಬ ಮಾತಿಗೆ ಹೋಗುವುದಿಲ್ಲ.

ನಮಗೆ ಗೊತ್ತಿರುವ ವಖಾರಿಯಿಂದ ಶುರು ಮಾಡೋಣ. ನೀವು ರಾಶಿ ಅಡಿಕೆ ತಂದು ಹಾಕಿದಾಗ ಚೀಲಕ್ಕೆ ನಿಮ್ಮ ಹೆಸರು, ಲಾಟ್ ನಂಬರು ಬೀಳುತ್ತದೆ. ಆ ಚೀಲ ನಿಮ್ಮದು. ವಖಾರಿಯವರು ನಾಳೆ ದಿವಾಳಿಯಾದರೂ ಅವರಿಗೆ ಸಾಲ ಕೊಟ್ಟವರು ನಿಮ್ಮ ಚೀಲವನ್ನು ಮುಟ್ಟುವಂತಿಲ್ಲ. ಇನ್ನೊಂದು ಬಗೆಯೂ ಇದೆ. ಎಲ್ಲರ ಅಡಿಕೆಯನ್ನು ಒಂದೇ ರಾಶಿಗೆ ಸುರಿದು, ಪುಸ್ತಕದಲ್ಲಿ 'ಇವರಿಗೆ ಇಷ್ಟು ಕ್ವಿಂಟಾಲ್ ಕೊಡಬೇಕು' ಎಂದು ಬರೆದಿಡುವುದು. ಅಲ್ಲಿ ನಿಮಗೆ ಅಡಿಕೆ ಇಲ್ಲ, ಅಡಿಕೆಯ ಬಾಕಿ ಇದೆ. ಅಂಗಡಿ ಮುಳುಗಿದ ದಿನ ಅಂಗಡಿಗೆ ಸಾಲ ಕೊಟ್ಟ ಉಳಿದವರ ಜೊತೆ ನೀವೂ ಸಾಲಿನಲ್ಲಿ ನಿಲ್ಲಬೇಕು. ಚಿನ್ನದ ವ್ಯಾಪಾರದಲ್ಲೂ ಇವೆರಡೇ ಬಗೆ. ಮೊದಲನೆಯದನ್ನು ಅಲೊಕೇಟೆಡ್ ಎನ್ನುತ್ತಾರೆ, ಎರಡನೆಯದನ್ನು ಅನ್‌ಅಲೊಕೇಟೆಡ್. ಎರಡಕ್ಕೂ ಜಾಹೀರಾತಿನಲ್ಲಿ ಬರುವ ಮಾತು ಒಂದೇ: 'ಚಿನ್ನದ ಬೆಂಬಲವಿದೆ.' ನಿಮ್ಮದು ಯಾವ ಬಗೆಯದು ಎಂದು ತಿಳಿಯಲು ಷರತ್ತುಗಳ ಪುಟವನ್ನೇ ಓದಬೇಕು. ಚಿನ್ನದ ಒಡೆತನ ಗ್ರಾಹಕರದ್ದೋ ಅಥವಾ ಅದು ಕಂಪನಿಯ ಹೊಣೆ ಮಾತ್ರವೋ ಎಂಬ ಒಂದು ಸಾಲನ್ನು ಅಲ್ಲಿ ಹುಡುಕಬೇಕು.

ಸರಿಯಾಗಿ ನಡೆದುಕೊಂಡು ಬಂದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪ್ಯಾಕ್ಸ್ ಗೋಲ್ಡ್ ಎಂಬ ಟೋಕನ್ ಇದೆ. ನ್ಯೂಯಾರ್ಕಿನ ಪ್ಯಾಕ್ಸೋಸ್ ಸಂಸ್ಥೆ 2019ರಲ್ಲಿ ಅದನ್ನು ಹೊರತಂದಿತು. ಒಂದು ಟೋಕನ್ ಎಂದರೆ ಲಂಡನ್ನಿನ ವಾಲ್ಟ್‌ನಲ್ಲಿರುವ ಚಿನ್ನದ ಗಟ್ಟಿಯ ಒಂದು ಟ್ರಾಯ್ ಔನ್ಸ್, ಅಂದರೆ ಸುಮಾರು 31.1 ಗ್ರಾಂ. ಇದು ಅಲೊಕೇಟೆಡ್ ಬಗೆಯದು ಎಂದು ಕಂಪನಿ ಹೇಳುತ್ತದೆ. ನಿಮ್ಮ ಟೋಕನ್ ಇರುವ ಖಾತೆಯ ನಂಬರಿನಂಥ ವಾಲೆಟ್ ವಿಳಾಸ ಕೊಟ್ಟರೆ ಯಾವ ಗಟ್ಟಿಯಲ್ಲಿ ನಿಮ್ಮ ಪಾಲಿದೆ ಎಂದು ಸೀರಿಯಲ್ ನಂಬರ್ ಸಮೇತ ತೋರಿಸುತ್ತದೆ.

ಇಲ್ಲಿ ಎರಡು ಲೆಕ್ಕಗಳಿವೆ, ಬಹಳ ಜನ ಅವನ್ನು ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಎಷ್ಟು ಟೋಕನ್ ಚಲಾವಣೆಯಲ್ಲಿದೆ ಎಂಬುದು. ಅದನ್ನು ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರುಗಳಲ್ಲಿರುವ ಬಹಿರಂಗ ಲೆಕ್ಕದ ಪುಸ್ತಕದಲ್ಲಿ `totalSupply` ಎಂಬಲ್ಲಿ ಯಾರು ಬೇಕಾದರೂ ನೋಡಬಹುದು, ಯಾರೂ ಗುಟ್ಟಾಗಿ ತಿದ್ದಲು ಆಗದು. ಎರಡನೆಯದು ವಾಲ್ಟ್‌ನಲ್ಲಿ ಎಷ್ಟು ಚಿನ್ನವಿದೆ ಎಂಬುದು. ಅದು ಬ್ಲಾಕ್‌ಚೈನಿಗೆ ಗೊತ್ತೇ ಇಲ್ಲ. ಒಬ್ಬ ಮನುಷ್ಯ ವಾಲ್ಟಿನ ಬಾಗಿಲು ತೆಗೆಸಿ, ನೋಡಿ, ಬರೆದುಕೊಟ್ಟರೆ ಮಾತ್ರ ಗೊತ್ತಾಗುತ್ತದೆ. 'ಬ್ಲಾಕ್‌ಚೈನ್‌ನಲ್ಲಿದೆ, ಮೋಸವಾಗಲು ಸಾಧ್ಯವಿಲ್ಲ' ಎಂದು ಏಜೆಂಟ್ ಹೇಳಿದರೆ ಅವನು ಮೊದಲ ಲೆಕ್ಕದ ಭರವಸೆಯನ್ನು ಎರಡನೆಯದಕ್ಕೂ ಹಚ್ಚುತ್ತಿದ್ದಾನೆ.

ಮನುಷ್ಯ ಬರೆದುಕೊಡುವ ಕಾಗದದ ಹೆಸರು ಅಟೆಸ್ಟೇಷನ್. ಸ್ವತಂತ್ರ ಲೆಕ್ಕಪರಿಶೋಧಕರು ಒಂದು ನಿರ್ದಿಷ್ಟ ದಿನ ಇಷ್ಟು ಟೋಕನ್ ಇತ್ತು, ಅದಕ್ಕೆ ಸರಿಯಾಗಿ ಇಷ್ಟು ಔನ್ಸ್ ಇತ್ತು ಎಂದು ದೃಢಪಡಿಸುತ್ತಾರೆ. ಇದು ಬೇಕು, ಆದರೆ ಇದರ ಮಿತಿಯನ್ನು ನನ್ನ ಕಸುಬಿನವರು ಚೆನ್ನಾಗಿ ಬಲ್ಲರು. ದಾಸ್ತಾನು ಎಣಿಸುವ ದಿನಕ್ಕೆ ಮಾತ್ರ ಬೇರೆಡೆಯ ಮಾಲನ್ನು ತಂದು ತುಂಬಿಸುವುದು ಬಹಳ ಹಳೆಯ ಉಪಾಯ. ಅದೇ ಮಾಲು ಬ್ಯಾಂಕಿಗೆ ಒತ್ತೆಯಾಗಿದ್ದರೂ ಎಣಿಕೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಅಟೆಸ್ಟೇಷನ್ ಕೈಗೆ ಸಿಕ್ಕಾಗ ನಾನು ಮೊತ್ತಕ್ಕಿಂತ ಮೊದಲು ನೋಡುವುದು ಬೇರೆ ಮೂರನ್ನು. ಸಹಿ ಹಾಕಿದ ಸಂಸ್ಥೆಗೆ ತನ್ನದೇ ಹೆಸರು, ನೋಂದಣಿ ಇದೆಯೇ? ಅವರು ಗಟ್ಟಿಗಳನ್ನು ಕಣ್ಣಾರೆ ಎಣಿಸಿದ್ದಾರೋ, ಕಂಪನಿ ಕೊಟ್ಟ ಪಟ್ಟಿಯನ್ನು ಕೂಡಿಸಿದ್ದಾರೋ? ಚಿನ್ನದ ಮೇಲೆ ಯಾರ ಒತ್ತೆಯೂ ಇಲ್ಲ ಎಂಬ ಮಾತಿದೆಯೇ?

ಗಟ್ಟಿಗಳ ಪಟ್ಟಿ ಕೊಟ್ಟಿದ್ದರೆ ಅದನ್ನೂ ಓದಬಹುದು. ಲಂಡನ್ ಮಾರುಕಟ್ಟೆಯ ದೊಡ್ಡ ಗಟ್ಟಿಯನ್ನು 400 ಔನ್ಸಿನದು ಎನ್ನುವುದು ರೂಢಿಯ ಮಾತು. ನಿಜದಲ್ಲಿ ಅದು 350ರಿಂದ 430 ಔನ್ಸ್‌ವರೆಗೆ ಇರಬಹುದು, ಪ್ರತಿಯೊಂದರ ತೂಕವೂ ಬೇರೆ. ಅದರ ಮೇಲೆ ಸೀರಿಯಲ್ ನಂಬರ್, ಶುದ್ಧೀಕರಿಸಿದವರ ಮುದ್ರೆ, ಶುದ್ಧತೆ, ತಯಾರಾದ ವರ್ಷ ಕೊರೆದಿರುತ್ತದೆ. ಪಟ್ಟಿಯಲ್ಲಿರುವ ಅಂಥ ಗಟ್ಟಿಗಳೆಲ್ಲ ಸರಿಯಾಗಿ 400.000 ಔನ್ಸ್ ಎಂದಿದ್ದರೆ, ಅಥವಾ ಒಂದೇ ಮುದ್ರೆಯ ಒಂದೇ ನಂಬರ್ ಎರಡು ಕಡೆ ಬಂದಿದ್ದರೆ, ಆ ಪಟ್ಟಿಯನ್ನು ಯಾರೋ ಕುಳಿತು ಬರೆದಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಎಲ್ಲವೂ ಸರಿ ಇದೆ ಎಂದೇ ಇಟ್ಟುಕೊಳ್ಳಿ. ಆಗಲೂ ಚಿನ್ನ ನಿಮ್ಮ ಮನೆಗೆ ಬರುತ್ತದೆಯೇ? ಪ್ಯಾಕ್ಸ್ ಗೋಲ್ಡ್‌ನಲ್ಲಿ ಪೂರ್ತಿ ಗಟ್ಟಿ ಬೇಕೆಂದರೆ ಕನಿಷ್ಠ 430 ಟೋಕನ್ ಕೈಯಲ್ಲಿರಬೇಕು. 430ನ್ನು 31.1ರಿಂದ ಗುಣಿಸಿದರೆ ಸುಮಾರು 13 ಕಿಲೋ 370 ಗ್ರಾಂ. ಲೆಕ್ಕಕ್ಕಾಗಿ ಗ್ರಾಮಿಗೆ 10,000 ರೂಪಾಯಿ ಹಿಡಿದರೂ 13 ಕೋಟಿ ದಾಟಿತು. ಎರಡು ಟೋಕನ್ ಇಟ್ಟುಕೊಂಡ ಶಿರಸಿಯ ಬೆಳೆಗಾರನಿಗೆ ಆ ಬಾಗಿಲು ತೆರೆಯದು. ಅವನು ಸಾಮಾನ್ಯವಾಗಿ ಬೇರೆಯವರಿಗೆ ಟೋಕನ್ ಮಾರಿ ದುಡ್ಡು ಪಡೆಯಬೇಕು, ಅಂದರೆ ಆ ದಿನ ಕೊಳ್ಳುವವರೂ ಇರಬೇಕು, ವಿನಿಮಯ ಕೇಂದ್ರವೂ ತೆರೆದಿರಬೇಕು. ಇನ್ನೊಂದು ಸಂಗತಿ: ಈ ಟೋಕನ್‌ನ ಕೋಡಿನಲ್ಲೇ ಒಂದು ವಾಲೆಟ್ ವಿಳಾಸವನ್ನು ಸ್ಥಗಿತಗೊಳಿಸುವ ಅಧಿಕಾರ ಕಂಪನಿಗಿದೆ. ಕಾನೂನಿನ ಆದೇಶ ಬಂದಾಗ ಬಳಸಲು ಅದು ಬೇಕಾಗಬಹುದು, ಆದರೆ ಕೊಳ್ಳುವವರಿಗೆ ಗೊತ್ತಿರಬೇಕು.

ಈಗ ನಮ್ಮೂರಿನ ಮೊಬೈಲುಗಳಲ್ಲಿ ಓಡಾಡುತ್ತಿರುವ ಬಗೆಯ ಸರ್ಟಿಫಿಕೇಟಿಗೆ ಬರುತ್ತೇನೆ. ಅಂಥದರಲ್ಲಿ ಗ್ರಾಂ ಇರುತ್ತದೆ, 24 ಕ್ಯಾರಟ್ ಎಂದಿರುತ್ತದೆ, ಚಂದದ ಮುದ್ರೆ, ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಅದೇ ಕಂಪನಿಯ ವೆಬ್‌ಸೈಟ್ ತೆರೆದು 'ಅಧಿಕೃತ' ಎನ್ನುತ್ತದೆ. ಕಂಪನಿ ತಾನು ಬರೆದದ್ದನ್ನು ತಾನೇ ಹೌದು ಎಂದಿತು, ಅಷ್ಟೇ. ವಾಲ್ಟ್ ನಡೆಸುವವರ ಹೆಸರಿಲ್ಲ, ಗ್ರಾಹಕರ ಪರವಾಗಿ ಚಿನ್ನ ಕಾಯುವ ಟ್ರಸ್ಟಿಯ ಹೆಸರಿಲ್ಲ, ಗಟ್ಟಿಯ ನಂಬರಿಲ್ಲ. ಕೆಳಗೆ ಸಣ್ಣದಾಗಿ, ತಿಂಗಳಿಗೆ ಇಷ್ಟು ಶೇಕಡಾ ಲಾಭ.

ಆ ಲಾಭದ ಸಾಲಿನ ಬಗ್ಗೆ ನನಗೆ ಹೆಚ್ಚು ಭಯ. ಕಪಾಟಿನಲ್ಲಿಟ್ಟ ಚಿನ್ನ ಮರಿ ಹಾಕುವುದಿಲ್ಲ, ಅದಕ್ಕೆ ಕಾವಲು ಮತ್ತು ವಿಮೆಯ ಖರ್ಚು ಬೀಳುತ್ತದೆ. ಬಡ್ಡಿ ಬರುತ್ತಿದೆ ಎಂದರೆ ಚಿನ್ನವನ್ನು ಯಾರಿಗೋ ಸಾಲ ಕೊಟ್ಟಿರಬೇಕು, ಆಗ ಅದು ವಾಲ್ಟ್‌ನಲ್ಲಿಲ್ಲ. ಇಲ್ಲವೇ ಹೊಸದಾಗಿ ಸೇರಿದವರ ದುಡ್ಡನ್ನೇ ಹಳಬರಿಗೆ ಹಂಚುತ್ತಿರಬೇಕು.

ದಾಸ್ತಾನು ಇದೆ ಎಂಬ ಮಾತನ್ನೇ ನಂಬಿ ಕೆಟ್ಟದ್ದು ನಮ್ಮ ದೇಶದಲ್ಲಿ ಆಗಿಹೋಗಿದೆ. ಮುಂಬೈಯ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್‌ನಲ್ಲಿ ಗೋದಾಮಿನ ಸರಕೇ ಆಧಾರ ಎಂದು ಜನ ಹಣ ಹಾಕಿದ್ದರು. 2013ರ ಜುಲೈ 31ರಂದು ವಹಿವಾಟು ನಿಂತಿತು. ಹೋಗಿ ನೋಡಿದರೆ ಹಲವು ಗೋದಾಮುಗಳಲ್ಲಿ ಹೇಳಿದಷ್ಟು ಸರಕು ಇರಲಿಲ್ಲ. ಸುಮಾರು 13,000 ಹೂಡಿಕೆದಾರರ ಸುಮಾರು 5,600 ಕೋಟಿ ರೂಪಾಯಿ ಸಿಕ್ಕಿಕೊಂಡಿತು.

ಕಾನೂನಿನ ಸ್ಥಿತಿ ಹೀಗಿದೆ. 2025ರ ನವೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಎಚ್ಚರಿಕೆ ಹೊರಡಿಸಿತು. ಆನ್‌ಲೈನ್ ವೇದಿಕೆಗಳು ಮಾರುವ 'ಡಿಜಿಟಲ್ ಗೋಲ್ಡ್' ತನ್ನ ನಿಯಂತ್ರಣದಲ್ಲಿಲ್ಲ, ಅಲ್ಲಿ ನಷ್ಟವಾದರೆ ಸೆಬಿಯ ಹೂಡಿಕೆದಾರರ ರಕ್ಷಣೆ ಸಿಗದು ಎಂದಿತು. ಅದರ ನಿಯಂತ್ರಣದಲ್ಲಿರುವುದು ಷೇರುಪೇಟೆಯಲ್ಲಿ ಮಾರಾಟವಾಗುವ ಚಿನ್ನದ ನಿಧಿಯಾದ ಗೋಲ್ಡ್ ಇಟಿಎಫ್, ಎಲೆಕ್ಟ್ರಾನಿಕ್ ಗೋಲ್ಡ್ ರಸೀದಿ ಮತ್ತು ವಿನಿಮಯ ಕೇಂದ್ರದ ವಾಯಿದೆ ವಹಿವಾಟು. ನಿಯಂತ್ರಣವಿಲ್ಲ ಎಂದ ಮಾತ್ರಕ್ಕೆ ಎಲ್ಲ ಕಂಪನಿಗಳೂ ಕಳ್ಳರಲ್ಲ. ಟ್ರಸ್ಟಿ, ವಾಲ್ಟ್ ಎಲ್ಲ ಇಟ್ಟುಕೊಂಡು ನಡೆಸುವವರೂ ಇದ್ದಾರೆ. ಆದರೆ ಆ ಟ್ರಸ್ಟಿಯ ಹೊಣೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಅವರವರ ಒಪ್ಪಂದ.

ಈಗಾಗಲೇ ಕೊಂಡವರು ಮೊದಲು ಸ್ವಲ್ಪ ಭಾಗವನ್ನು ಮಾರಿ ನೋಡಿ, ದುಡ್ಡು ಬ್ಯಾಂಕ್ ಖಾತೆಗೆ ಬರಲಿ. 'ಮಾರುವ ಮೊದಲು ಇನ್ನಷ್ಟು ಕಟ್ಟಿ, ತೆರಿಗೆ ಕಟ್ಟಿ' ಎಂದರೆ ಒಂದು ಪೈಸೆಯನ್ನೂ ಕೊಡಬೇಡಿ, ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಂಥ ಸರ್ಟಿಫಿಕೇಟಿನ ಪ್ರತಿ ತಂದವರು ನಿಮ್ಮ ಹೆಸರಿನ ಮೇಲೆ ಕಾಗದ ಅಂಟಿಸಿ ಈ ಮೇಜಿನ ಮೇಲಿಡಿ. ಚಹಾ ಆದ ಮೇಲೆ ಒಂದೊಂದಾಗಿ ಒಟ್ಟಿಗೆ ಓದೋಣ.